ಪೋರ್ಟ್ ತೆರೆಯದೆ ವಿದೇಶದಿಂದ ಊರಿನ ಮನೆಯ ಸಿಸಿ ಕ್ಯಾಮೆರಾ ನೋಡುವುದು ಹೇಗೆ?

ಸಿಸಿ ಕ್ಯಾಮೆರಾ ಹಾಕಲು ಬಂದ ಹುಡುಗನಿಗೆ "ಮಗಳು ಹೊರದೇಶದಲ್ಲಿದ್ದಾಳಪ್ಪ, ಅವಳಿಗೂ ಕಾಣೋ ಹಾಗೆ ಮಾಡು" ಅಂದರೆ ಅವನು ಎರಡರಲ್ಲಿ ಒಂದು ಮಾಡುತ್ತಾನೆ. ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್, ಅದರ ಕಂಪನಿಯ ಆಪ್ ಹಾಕಿಸಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸುತ್ತಾನೆ. ಇಲ್ಲವೇ ರೂಟರ್ ಸೆಟ್ಟಿಂಗ್ಸ್ ಒಳಗೆ ಹೋಗಿ 'ಪೋರ್ಟ್ ಫಾರ್ವರ್ಡಿಂಗ್' ಅನ್ನುವ ಕಡೆ 80, 554, 8000 ಅಂತ ಮೂರು ನಂಬರ್ ತುಂಬಿಸಿ, "ಆಯ್ತು ಸರ್, ಪ್ರಪಂಚದ ಯಾವ ಮೂಲೆಯಿಂದ ಬೇಕಾದ್ರೂ ನೋಡಿ" ಎಂದು ಹೊರಡುತ್ತಾನೆ.

ಅವನು ಹೇಳಿದ್ದು ಅಕ್ಷರಶಃ ನಿಜ. ಪ್ರಪಂಚದ ಯಾವ ಮೂಲೆಯಿಂದ ಯಾರು ಬೇಕಾದರೂ ನೋಡಬಹುದು. ಪೋರ್ಟ್ ತೆರೆದರೆ ನಿಮ್ಮ ಡಿವಿಆರ್‌ನ ಲಾಗಿನ್ ಪುಟ ಇಂಟರ್‌ನೆಟ್‌ಗೆ ಮುಖ ಮಾಡಿ ಕೂರುತ್ತದೆ. ಇಂಥ ಸಾಧನಗಳನ್ನು ಹಗಲು ರಾತ್ರಿ ಹುಡುಕಿ ಪಟ್ಟಿ ಮಾಡುವುದೇ ಕೆಲಸವಾಗಿರುವ ಶೋಡಾನ್‌ನಂಥ ತಾಣಗಳಿವೆ. ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕಲ್ವಾ ಅಂದರೆ, ಸಾಲದು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಗೆ ನುಗ್ಗಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳಿಂದಲೇ ನಿಜ. ಆದರೆ 2021ರಲ್ಲಿ ಹಿಕ್‌ವಿಷನ್ ಎಂಬ ಕಂಪನಿಯ ಸಾಧನಗಳಲ್ಲಿ ಸಿಕ್ಕ ದೋಷಕ್ಕೆ ಪಾಸ್‌ವರ್ಡ್ ಬೇಕೇ ಇರಲಿಲ್ಲ. CVE-2021-36260 ಎಂಬುದು ಅದರ ದಾಖಲೆ ಸಂಖ್ಯೆ. ಪೋರ್ಟ್ ತಲುಪಲು ಆದರೆ ಸಾಕಿತ್ತು, ಸಾಧನ ಪೂರ್ತಿ ಕೈಗೆ ಬರುತ್ತಿತ್ತು. ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿತು. ಊರಿನ ಎಷ್ಟು ಮನೆಗಳ ಡಿವಿಆರ್‌ಗೆ ಅದನ್ನು ಯಾರಾದರೂ ಹಾಕಿರುತ್ತಾರೆ, ನೀವೇ ಹೇಳಿ.

ಕಂಪನಿಯ ಆಪ್ ದಾರಿಯಲ್ಲಿ ಪೋರ್ಟ್ ತೆರೆಯುವ ಗೊಡವೆ ಇಲ್ಲ. ಡಿವಿಆರ್ ತಾನೇ ಕಂಪನಿಯ ಸರ್ವರ್‌ಗೆ ಕರೆ ಮಾಡಿ ಕಾಯುತ್ತಿರುತ್ತದೆ, ನಿಮ್ಮ ಫೋನ್ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತದೆ. ಪೋರ್ಟ್ ಫಾರ್ವರ್ಡಿಂಗ್‌ಗಿಂತ ಇದು ಎಷ್ಟೋ ಮೇಲು. ಮನೆಯಲ್ಲಿ ಇನ್ನೊಂದು ಡಬ್ಬಿ ಇಡಲು ಆಗದವರು ಇದನ್ನೇ ಬಳಸಿ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ, ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ. ಆದರೆ ನಿಮ್ಮ ಮನೆ ಅಂಗಳದ ಚಿತ್ರಕ್ಕೆ ಯಾರಿಗೆಲ್ಲ ದಾರಿ ಇದೆ ಎಂಬುದು ಆ ಕಂಪನಿಯ ಸರ್ವರ್ ಮೇಲೆ ನಿಂತಿರುತ್ತದೆ. ಅಷ್ಟು ನಂಬಿಕೆ ಬೇಡ ಅನ್ನುವವರಿಗೆ ಮುಂದಿನ ದಾರಿ: ಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್, ಅದರಿಂದ ಹೊರಗಿನ ನಿಮ್ಮ ಫೋನ್‌ಗೆ ಖಾಸಗಿ ಸುರಂಗ. ಹೊರಗಿನಿಂದ ಒಳಬರುವ ಬಾಗಿಲು ಒಂದೂ ಇಲ್ಲ.

ಉದಾಹರಣೆಗೆ ನಮ್ಮ ಮನೆಯದನ್ನೇ ತೆಗೆದುಕೊಳ್ಳುತ್ತೇನೆ. ದಾವಣಗೆರೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ನಾಲ್ಕು ಕ್ಯಾಮೆರಾ, ಒಂದು ಡಿವಿಆರ್, ಫೈಬರ್ ಇಂಟರ್‌ನೆಟ್. ನೋಡಬೇಕಾದವಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಅಕ್ಕ. ಸುರಂಗಕ್ಕೆ ಬಳಸಿದ್ದು ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್. ಮನೆ ಬಳಕೆಗೆ ಅದರ ಉಚಿತ ಪ್ಲಾನ್ ಸಾಕು. ಇಂಥದ್ದೇ ಸುರಂಗ ಹಾಕುವ ವೈರ್‌ಗಾರ್ಡ್ ಅನ್ನು ನೇರವಾಗಿ ಹಾಕಿಕೊಳ್ಳುವವರೂ ಇದ್ದಾರೆ. ಆದರೆ ಅದಕ್ಕೆ ಎರಡು ಕಡೆಯಲ್ಲಿ ಒಂದು ಕಡೆಯಾದರೂ ಹೊರಗಿನಿಂದ ತಲುಪುವ ವಿಳಾಸ ಬೇಕು. ನಮ್ಮಲ್ಲಿ ಅದೇ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಅಂದರೆ, ನಮ್ಮ ಎಷ್ಟೋ ಇಂಟರ್‌ನೆಟ್ ಕಂಪನಿಗಳು ಒಂದೇ ಹೊರಗಿನ ಐಪಿ ವಿಳಾಸವನ್ನು ತುಂಬಾ ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿ-ನ್ಯಾಟ್ ಅನ್ನುತ್ತಾರೆ. ನಿಮ್ಮಲ್ಲೂ ಹೀಗೇನಾ ಎಂದು ತಿಳಿಯುವುದು ಸುಲಭ. ರೂಟರ್ ಪುಟದಲ್ಲಿ `WAN IP` ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಸಿಜಿ-ನ್ಯಾಟ್. ಬ್ರೌಸರ್‌ನಲ್ಲಿ 'ನನ್ನ ಐಪಿ ಯಾವುದು' ಎಂದು ಹುಡುಕಿದಾಗ ಕಾಣುವ ನಂಬರ್ ಬೇರೆಯೇ ಇದ್ದರೂ ಅಷ್ಟೇ. ಅಂಥ ಮನೆಯಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಕೆಲಸ ಮಾಡುವುದಿಲ್ಲ. ಟೇಲ್‌ಸ್ಕೇಲ್‌ಗೆ ಇದು ಅಡ್ಡಿಯಲ್ಲ. ಎರಡೂ ಕಡೆಯವರು ಒಳಗಿನಿಂದ ಹೊರಕ್ಕೆ ಕರೆ ಮಾಡಿ, ನಡುವೆ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ.

ಇಷ್ಟೆಲ್ಲ ಕೆಲಸ ಊರಲ್ಲಿ ಕೂತೇ ಮಾಡಬೇಕು. ರಜೆಗೆ ಬಂದಾಗ ಮಾಡಿ, ಹೊರಡುವ ಹಿಂದಿನ ರಾತ್ರಿ ಮಾತ್ರ ಬೇಡ. ಸುರಂಗ ಹಾಕುವುದು ಅರ್ಧ ಗಂಟೆಯ ಕೆಲಸ. ಅದು ನೀವಿಲ್ಲದಾಗಲೂ ಬದುಕಿರುವಂತೆ ನೋಡಿಕೊಳ್ಳುವುದೇ ಕಷ್ಟ.

ಮೊದಲು ತೆರೆದದ್ದನ್ನು ಮುಚ್ಚಿ

ರೂಟರ್‌ಗೆ ಲಾಗಿನ್ ಆಗಿ `Port Forwarding` ಅಥವಾ `Virtual Server` ಎಂಬ ಪಟ್ಟಿ ಹುಡುಕಿ. ಅಲ್ಲಿ ಡಿವಿಆರ್ ಹೆಸರಲ್ಲಿ ಏನಿದ್ದರೂ ಅಳಿಸಿ. ಒಂದು ಸಾಧನವನ್ನು ಪೂರ್ತಿ ಹೊರಗೆ ತೆರೆದಿಡುವ `DMZ` ಆಫ್ ಇರಬೇಕು. ಜಾಸ್ತಿ ಜನ ಮರೆಯುವುದು `UPnP` ಎಂಬ ಸೆಟ್ಟಿಂಗ್. ಇದು ಆನ್ ಇದ್ದರೆ ಮನೆಯೊಳಗಿನ ಸಾಧನ ತಾನೇ ರೂಟರ್‌ಗೆ ಹೇಳಿ ಪೋರ್ಟ್ ತೆರೆಸಿಕೊಳ್ಳಬಹುದು, ನಿಮಗೆ ಸುಳಿವೂ ಸಿಗುವುದಿಲ್ಲ. ರೂಟರ್‌ನಲ್ಲೂ ಡಿವಿಆರ್‌ನಲ್ಲೂ ಎರಡು ಕಡೆ ಆಫ್ ಮಾಡಿ.

ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ ಐಪಿವಿ6 ಇದ್ದರೆ ಅದನ್ನೂ ಆಫ್ ಮಾಡಿ. ಐಪಿವಿ6 ಕೊಡುವ ಸಂಪರ್ಕಗಳಲ್ಲಿ ಮನೆಯ ಪ್ರತಿ ಸಾಧನಕ್ಕೂ ಸ್ವಂತ ಹೊರವಿಳಾಸ ಬರುತ್ತದೆ. ರೂಟರ್‌ನ ಫೈರ್‌ವಾಲ್ ತಡೆಯುತ್ತದೆ ಅಂದುಕೊಳ್ಳುತ್ತೇವೆ. ಅದನ್ನು ಯಾರೋ ಆಫ್ ಮಾಡಿದ್ದರೆ ಪೋರ್ಟ್ ಫಾರ್ವರ್ಡ್ ಮಾಡದೆಯೇ ಡಿವಿಆರ್ ಬಯಲಲ್ಲಿರುತ್ತದೆ.

ಆಮೇಲೆ ಡಿವಿಆರ್‌ನಲ್ಲಿ ಇನ್ನೊಬ್ಬ ಬಳಕೆದಾರನನ್ನು ಸೇರಿಸಿ. ನಾವು `nodu` ಎಂದು ಹೆಸರಿಟ್ಟೆವು. ಅವನಿಗೆ ಲೈವ್ ನೋಡುವ, ಹಳೆಯ ರೆಕಾರ್ಡಿಂಗ್ ನೋಡುವ ಹಕ್ಕು ಮಾತ್ರ ಇರಲಿ. `admin` ಲಾಗಿನ್ ಫೋನ್‌ಗಳಿಗೆ ಹೋಗಬಾರದು. ಪಾಸ್‌ವರ್ಡ್‌ನಲ್ಲಿ ಅಕ್ಷರ, ಅಂಕಿ ಮಾತ್ರ ಇಟ್ಟು ಉದ್ದ ಮಾಡಿ. ಯಾಕೆ ಅನ್ನುವುದು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಮನೆಯ ವಿಳಾಸ ಬದಲಿಸಿ

ಈ ಹಂತ ಬಿಟ್ಟವರೇ ಆಮೇಲೆ "ಮೊಬೈಲ್ ಡೇಟಾದಲ್ಲಿ ಬರುತ್ತೆ, ಇಲ್ಲಿನ ವೈಫೈಯಲ್ಲಿ ಬರಲ್ಲ" ಎಂದು ತಲೆ ಕೆರೆದುಕೊಳ್ಳುವುದು. ಬಹಳಷ್ಟು ರೂಟರ್‌ಗಳು ಮನೆಯೊಳಗೆ 192.168.1.x ಇಲ್ಲವೇ 192.168.0.x ವಿಳಾಸಗಳನ್ನೇ ಹಂಚುತ್ತವೆ, ದಾವಣಗೆರೆಯಲ್ಲೂ ಸ್ಟುಟ್‌ಗಾರ್ಟ್‌ನಲ್ಲೂ. ಅಕ್ಕನ ಫೋನ್ 192.168.1.20 ಎಂದು ಕೇಳಿದರೆ ಅದು ದಾವಣಗೆರೆಯ ಡಿವಿಆರ್ ಇರಬಹುದು, ಅವಳ ಮನೆಯ ಪ್ರಿಂಟರ್ ಕೂಡ ಇರಬಹುದು.

ಅದಕ್ಕೆ ಊರಿನ ಮನೆಗೆ ಯಾರೂ ಇಡದಂಥ ಸಂಖ್ಯೆ ಕೊಡಿ. ನಾವು 192.168.73.x ಆರಿಸಿದೆವು. ಕ್ರಮ ಮುಖ್ಯ. ಮೊದಲು ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ, ರೂಟರ್ ಕೊಡುವ ವಿಳಾಸವನ್ನು ತಾನೇ ತೆಗೆದುಕೊಳ್ಳುವ `DHCP` ಆನ್ ಮಾಡಿ. ಆಮೇಲೆ ರೂಟರ್‌ನ `LAN` ಪುಟದಲ್ಲಿ ರೂಟರ್ ವಿಳಾಸವನ್ನು 192.168.73.1 ಎಂದು ಬದಲಿಸಿ, ಹಂಚುವ ವಿಳಾಸಗಳನ್ನು 100ರಿಂದ 200ರವರೆಗೆ ಇಟ್ಟು ಉಳಿಸಿ. ರೂಟರ್ ಮರಳಿ ಶುರುವಾದ ಮೇಲೆ ಡಿವಿಆರ್ ಹೊಸ ವಿಳಾಸ ತೆಗೆದುಕೊಂಡಿರುತ್ತದೆ. ಈಗ ಅದರಲ್ಲಿ `DHCP` ಆಫ್ ಮಾಡಿ, 192.168.73.20 ಎಂದು ಖಾಯಂ ಮಾಡಿ. ಮೊದಲೇ ರೂಟರ್ ಬದಲಿಸಿದರೆ ಹಳೆಯ ವಿಳಾಸ ಹಿಡಿದು ಕೂತ ಡಿವಿಆರ್‌ಗೆ ನೆಟ್‌ವರ್ಕ್ ಮೂಲಕ ತಲುಪಲು ಆಗುವುದಿಲ್ಲ, ಟಿವಿ ಮತ್ತು ಮೌಸ್ ಜೋಡಿಸಿ ಸರಿ ಮಾಡಬೇಕಾಗುತ್ತದೆ.

ಕೋಆಕ್ಸ್ ಕೇಬಲ್‌ನ ಕ್ಯಾಮೆರಾಗಳಿಗೆ ಐಪಿ ವಿಳಾಸವೇ ಇಲ್ಲ, ಅವುಗಳ ತಂಟೆಗೆ ಹೋಗಬೇಕಿಲ್ಲ. ವೈಫೈ ಕ್ಯಾಮೆರಾಗಳಿದ್ದರೆ ಒಂದೊಂದಕ್ಕೂ ಹೊಸ ವಿಳಾಸ ನೋಡಿಕೊಳ್ಳಬೇಕು.

ಪುಟ್ಟ ಡಬ್ಬಿ

ನಮ್ಮದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಪೈ 3 ಕೂಡ ಸಾಕು. ಹಳೆಯ ಲ್ಯಾಪ್‌ಟಾಪ್ ಬಳಸುವುದಾದರೆ, ಕರೆಂಟ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಅದರ ಬಯೋಸ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬೇಡ. ಪೈಗೆ ಆ ಚಿಂತೆಯಿಲ್ಲ, ಕರೆಂಟ್ ಬಂದರೆ ಎದ್ದು ಕೂರುತ್ತದೆ. ವೈಫೈ ಬಿಟ್ಟು ಲ್ಯಾನ್ ಕೇಬಲ್‌ನಿಂದಲೇ ರೂಟರ್‌ಗೆ ಜೋಡಿಸಿ. ನಾಳೆ ಯಾರೋ ವೈಫೈ ಪಾಸ್‌ವರ್ಡ್ ಬದಲಿಸಿದರೂ ಇದು ನಡೆಯುತ್ತಿರಬೇಕು.

ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಲೈಟ್ ಆವೃತ್ತಿ ಆರಿಸಿ, ಬಳಕೆದಾರನ ಹೆಸರು ಪಾಸ್‌ವರ್ಡ್ ಕೊಟ್ಟು, ಎಸ್‌ಎಸ್‌ಎಚ್ ಆನ್ ಮಾಡಿ ಕಾರ್ಡ್ ಬರೆಯಿರಿ. ಹೋಸ್ಟ್ ಹೆಸರು `manepi` ಎಂದಿಡಿ. ಪೈ ಶುರುವಾದ ಮೇಲೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮೂಲಕ ಅದರೊಳಗೆ ಹೋಗಿ ಇಷ್ಟು ಟೈಪ್ ಮಾಡಿ:

```
curl -fsSL https://tailscale.com/install.sh | sh
echo 'net.ipv4.ip_forward = 1' | sudo tee /etc/sysctl.d/99-tailscale.conf
sudo sysctl -p /etc/sysctl.d/99-tailscale.conf
sudo tailscale up --advertise-routes=192.168.73.20/32
sudo tailscale set --auto-update
```

ಮೊದಲ ಸಾಲು ಟೇಲ್‌ಸ್ಕೇಲ್ ಹಾಕುತ್ತದೆ. ಮುಂದಿನ ಎರಡು, ತನ್ನದಲ್ಲದ ಪ್ಯಾಕೆಟ್‌ಗಳನ್ನು ಆಚೆ ದಾಟಿಸಲು ಪೈಗೆ ಅನುಮತಿ ಕೊಡುತ್ತವೆ. ನಾಲ್ಕನೆಯದು "ಡಿವಿಆರ್‌ಗೆ ಹೋಗುವ ದಾರಿ ನನ್ನ ಮೂಲಕ ಇದೆ" ಎಂದು ನಿಮ್ಮ ಸುರಂಗದ ಉಳಿದ ಸಾಧನಗಳಿಗೆ ಸಾರುತ್ತದೆ. ಕೊನೆಯದು ಟೇಲ್‌ಸ್ಕೇಲ್ ತಾನೇ ಅಪ್‌ಡೇಟ್ ಆಗುವಂತೆ ಮಾಡುತ್ತದೆ. ನಾಲ್ಕನೇ ಸಾಲು ಹಾಕಿದಾಗ ಒಂದು ಲಿಂಕ್ ತೋರಿಸುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದು ಗೂಗಲ್, ಮೈಕ್ರೋಸಾಫ್ಟ್ ಅಥವಾ ಆಪಲ್ ಖಾತೆಯಿಂದ ಲಾಗಿನ್ ಆಗಿ. ಇನ್ನು ಮೇಲೆ ಮನೆಯ ಕೀಲಿ ಆ ಖಾತೆಯೇ. ಎರಡು ಹಂತದ ಲಾಗಿನ್ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಅದನ್ನು ಹಾಕಿಕೊಂಡು ಬನ್ನಿ.

ಕೊನೆಯ `/32` ಗಮನಿಸಿ. ಬೇರೆ ಕಡೆ ಓದಿದರೆ ಇಲ್ಲಿ ಇಡೀ ಮನೆಯ ನೆಟ್‌ವರ್ಕ್ ಸಾರುವ `192.168.73.0/24` ಕಾಣುತ್ತದೆ. ನಾನು ಬೇಕೆಂದೇ ಒಂದೇ ಒಂದು ವಿಳಾಸ ಕೊಡುತ್ತೇನೆ. ಅಕ್ಕನ ಫೋನ್ ಯಾರ ಕೈಗಾದರೂ ಸಿಕ್ಕರೆ ಸುರಂಗದ ಮೂಲಕ ಡಿವಿಆರ್ ತಲುಪಬಹುದು, ಅಪ್ಪನ ಲ್ಯಾಪ್‌ಟಾಪ್ ತಲುಪಲು ಆಗಬಾರದು.

ಈಗ ಟೇಲ್‌ಸ್ಕೇಲ್ ವೆಬ್‌ಸೈಟ್‌ನ `Machines` ಪುಟಕ್ಕೆ ಹೋಗಿ. `manepi` ಪಕ್ಕದ ಮೂರು ಚುಕ್ಕೆ ಒತ್ತಿ, `Edit route settings` ಒಳಗೆ ನಮ್ಮ ವಿಳಾಸಕ್ಕೆ ಟಿಕ್ ಹಾಕಿ. ನೀವು ಒಪ್ಪಿಗೆ ಕೊಡುವವರೆಗೆ ಪೈ ಸುಮ್ನೆ ಸಾರುತ್ತಿರುತ್ತದೆ ಅಷ್ಟೆ, ದಾರಿ ತೆರೆಯುವುದಿಲ್ಲ. ಅದೇ ಮೆನುವಿನಲ್ಲಿ `Disable key expiry` ಇದೆ. ಅದನ್ನೂ ಒತ್ತಿ. ಒತ್ತದಿದ್ದರೆ ಸಾಮಾನ್ಯವಾಗಿ 180 ದಿನಕ್ಕೆ ಪೈನ ಲಾಗಿನ್ ಅವಧಿ ಮುಗಿಯುತ್ತದೆ. ಆರು ತಿಂಗಳು ಚೆನ್ನಾಗಿ ನಡೆದ ವ್ಯವಸ್ಥೆ ಒಂದು ದಿನ ಕಾರಣವೇ ಇಲ್ಲದಂತೆ ನಿಂತಿತು ಅನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದು ಇದನ್ನೇ. ಫೋನ್‌ಗಳಿಗೆ ಮಾತ್ರ ಅವಧಿ ಇರಲಿ. ಫೋನ್ ಕಳೆಯುತ್ತದೆ, ಪೈ ಕಳೆಯುವುದಿಲ್ಲ. ಕಳೆದ ಫೋನನ್ನು ಇದೇ ಪುಟದಿಂದ ತೆಗೆದುಹಾಕಬಹುದು.

ಫೋನ್‌ನಲ್ಲಿ ನೋಡುವುದು

ಅಕ್ಕನನ್ನು `Users` ಪುಟದಿಂದ ಆಹ್ವಾನಿಸಿ, ಅವಳು ತನ್ನದೇ ಖಾತೆಯಿಂದ ಲಾಗಿನ್ ಆಗಲಿ. ಫೋನ್‌ಗೆ ಟೇಲ್‌ಸ್ಕೇಲ್ ಆಪ್ ಹಾಕಿ ಆನ್ ಮಾಡಿದರೆ ಸಾಕು. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್ ಎಲ್ಲವೂ ಪೈ ಸಾರಿದ ದಾರಿಯನ್ನು ತಾವಾಗಿಯೇ ಹಿಡಿಯುತ್ತವೆ. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ `sudo tailscale set --accept-routes` ಎಂದು ಹೇಳಬೇಕು.

ಮೊದಲ ಪರೀಕ್ಷೆಗೆ ವಿಎಲ್‌ಸಿ ಬಳಸಿ. ಚಿತ್ರ ಬರದಿದ್ದರೆ ತಪ್ಪು ಸುರಂಗದ್ದೋ ಕ್ಯಾಮೆರಾ ಆಪ್‌ನದ್ದೋ ಎಂದು ಗೊತ್ತಾಗಲು ಇದೇ ಸರಿಯಾದ ಸಾಧನ. ಹಿಕ್‌ವಿಷನ್ ಡಿವಿಆರ್‌ನ ಒಂದನೇ ಕ್ಯಾಮೆರಾಗೆ ಮೊದಲ ವಿಳಾಸ, ದಹುವಾದವರ ಡಿವಿಆರ್‌ಗೆ ಎರಡನೆಯದು:

```
rtsp://nodu:PASSWORD@192.168.73.20:554/Streaming/Channels/102
rtsp://nodu:PASSWORD@192.168.73.20:554/cam/realmonitor?channel=1&subtype=1
```

`102` ಅಂದರೆ ಒಂದನೇ ಕ್ಯಾಮೆರಾದ ಸಬ್ ಸ್ಟ್ರೀಮ್, ಅಂದರೆ ಚಿಕ್ಕ ಚಿತ್ರ. `101` ದೊಡ್ಡ ಚಿತ್ರ. ಎರಡನೇ ಕ್ಯಾಮೆರಾಗೆ `202`, `201`. ದಹುವಾದಲ್ಲಿ `subtype=1` ಚಿಕ್ಕದು, `subtype=0` ದೊಡ್ಡದು. ಈಗ ಪಾಸ್‌ವರ್ಡ್ ವಿಚಾರ. ಪಾಸ್‌ವರ್ಡ್ ಒಳಗೆ `@` ಇದ್ದರೆ ಪಾಸ್‌ವರ್ಡ್ ಎಲ್ಲಿ ಮುಗಿಯಿತು ಎಂದು ವಿಎಲ್‌ಸಿಗೆ ಗೊಂದಲವಾಗುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅನ್ನುತ್ತದೆ. ಹಾಗೆ ಇದ್ದೇ ಇದ್ದರೆ `@` ಬದಲು `%40`, `#` ಬದಲು `%23` ಎಂದು ಬರೆಯಬೇಕು.

ಚಿತ್ರ ಬಂದರೂ ಕೆಳಗಿನ ಅರ್ಧ ಬೂದು ಬಣ್ಣದಲ್ಲಿ ಕಲಸಿ ಹೋಗುತ್ತಿದ್ದರೆ ದಾರಿಯಲ್ಲಿ ಪ್ಯಾಕೆಟ್ ಕಳೆದುಹೋಗುತ್ತಿದೆ ಎಂದರ್ಥ. ಕಂಪ್ಯೂಟರ್‌ನ ವಿಎಲ್‌ಸಿಯಲ್ಲಿ ಚಿತ್ರವನ್ನು, ಕಳೆದ ಪ್ಯಾಕೆಟ್ ಮತ್ತೆ ತರಿಸಿಕೊಳ್ಳುವ ಟಿಸಿಪಿ ಮೇಲೆ ಕಳಿಸುವ ಆಯ್ಕೆ `Input / Codecs` ಒಳಗಿದೆ. ಅದನ್ನು ಹಾಕಿದರೆ ಚಿತ್ರ ಒಂದೆರಡು ಸೆಕೆಂಡ್ ತಡವಾದೀತು, ಕಲಸುವುದು ನಿಲ್ಲುತ್ತದೆ.

ವಿಎಲ್‌ಸಿಯಲ್ಲಿ ಬಂದ ಮೇಲೆ ನಿತ್ಯದ ಬಳಕೆಗೆ ಡಿವಿಆರ್ ಕಂಪನಿಯ ಆಪ್ ಹಾಕಿಕೊಳ್ಳಬಹುದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡದೆ `IP/Domain` ಎಂಬ ಆಯ್ಕೆಯಿಂದ 192.168.73.20 ಎಂದು ಸೇರಿಸಿ. ಪೋರ್ಟ್ ಹಿಕ್‌ವಿಷನ್‌ಗೆ ಸಾಮಾನ್ಯವಾಗಿ 8000, ದಹುವಾಗೆ 37777. ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ ನಿಮ್ಮದು ಎಷ್ಟೆಂದು ಬರೆದಿರುತ್ತದೆ. ಹಾಗೆ ಸೇರಿಸಿದ ಮೇಲೆ ಡಿವಿಆರ್‌ನಲ್ಲಿ `P2P` ಅಥವಾ `Platform Access` ಆಫ್ ಮಾಡಿಬಿಡಿ.

ಒಂದು ತೊಡಕು ಹೇಳಿಬಿಡುತ್ತೇನೆ. ಇಂಥ ಖಾಸಗಿ ಸುರಂಗಕ್ಕೆ ವಿಪಿಎನ್ ಅನ್ನುತ್ತಾರೆ, ಫೋನ್‌ನಲ್ಲಿ ಒಂದು ಸಲಕ್ಕೆ ಒಂದೇ ವಿಪಿಎನ್ ಓಡುತ್ತದೆ. ಆಫೀಸಿನ ವಿಪಿಎನ್ ಆನ್ ಇದ್ದರೆ ಟೇಲ್‌ಸ್ಕೇಲ್ ಆಫ್ ಆಗುತ್ತದೆ. ಆಫೀಸಿನ ಲ್ಯಾಪ್‌ಟಾಪ್‌ಗೆ ಇದನ್ನು ಹಾಕಲು ಹೋಗಲೇಬೇಡಿ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಬೈ, ಅಬುಧಾಬಿಯಲ್ಲಿದ್ದಾರೆ. ಯುಎಇಯಲ್ಲಿ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ವಿಪಿಎನ್ ಬಳಸಿದರೆ ಭಾರಿ ದಂಡವಿದೆ. ಸ್ವಂತ ಮನೆ ನೋಡುವುದು ಅದಲ್ಲ. ಆದರೂ ಅಲ್ಲಿನ ಈಗಿನ ನಿಯಮ ಕೇಳಿಕೊಂಡೇ ಹಾಕಿ.

ನಿಧಾನವಾದರೆ ಎಲ್ಲಿ ನೋಡಬೇಕು

ಹೊರಗಿನಿಂದ ನೋಡುವಾಗ ಲೆಕ್ಕಕ್ಕೆ ಬರುವುದು ಊರಿನ ಮನೆಯ ಅಪ್‌ಲೋಡ್ ವೇಗ. 1080ಪಿ ದೊಡ್ಡ ಚಿತ್ರಕ್ಕೆ ಕ್ಯಾಮೆರಾಗೆ ಸುಮಾರು 4 ಎಂಬಿಪಿಎಸ್ ಬೇಕು. ನಾಲ್ಕೂ ಒಟ್ಟಿಗೆ ತೆರೆದರೆ 16. ಸಬ್ ಸ್ಟ್ರೀಮ್ ಅನ್ನು ಎಚ್264ರಲ್ಲಿ 512 ಕೆಬಿಪಿಎಸ್‌ಗೆ ಇಟ್ಟರೆ ನಾಲ್ಕಕ್ಕೂ ಸೇರಿ 2 ಎಂಬಿಪಿಎಸ್ ಸಾಕು. ಫೋನ್ ಪರದೆಯಲ್ಲಿ ನಾಲ್ಕು ಕಿಟಕಿ ನೋಡುವಾಗ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಯಾರೋ ಗೇಟ್ ಹತ್ತಿರ ನಿಂತಿದ್ದಾರೆ, ಮುಖ ನೋಡಬೇಕು ಅಂದಾಗ ಆ ಒಂದು ಕ್ಯಾಮೆರಾವನ್ನು ದೊಡ್ಡದಕ್ಕೆ ಬದಲಿಸಿದರಾಯಿತು.

ಅಪ್‌ಲೋಡ್ ಸಾಕಷ್ಟಿದ್ದೂ ಚಿತ್ರ ತಡವರಿಸಿದರೆ, ಹೊರಗಿರುವವರ ಲ್ಯಾಪ್‌ಟಾಪ್‌ನಿಂದ `tailscale ping manepi` ಕೊಡಿ. ಎರಡು ಥರದ ಉತ್ತರ ಬರಬಹುದು:

```
pong from manepi (100.101.102.103) via DERP(blr) in 210ms
pong from manepi (100.101.102.103) via 203.0.113.5:41641 in 160ms
```

ಎರಡನೆಯದರಲ್ಲಿ ಐಪಿ ವಿಳಾಸ ಕಾಣುತ್ತದೆ. ಅಂದರೆ ಎರಡೂ ಕಡೆ ನೇರವಾಗಿ ಸೇರಿವೆ. ಮೊದಲನೆಯದರಲ್ಲಿ `DERP` ಅಂತ ಇದೆ. ನೇರ ದಾರಿ ಸಿಗದೆ ಟೇಲ್‌ಸ್ಕೇಲ್‌ನ ರಿಲೇ ಸರ್ವರ್ ಮೂಲಕ ಹೋಗುತ್ತಿದೆ. `blr` ಅಂದರೆ ಬೆಂಗಳೂರಿನದು. ರಿಲೇ ಮೂಲಕ ಹೋದರೂ ಚಿತ್ರ ಗೂಢಲಿಪಿಯಲ್ಲೇ ಇರುತ್ತದೆ, ನಡುವಿನ ಸರ್ವರ್‌ಗೆ ಓದಲು ಬರುವುದಿಲ್ಲ. ವೇಗ ಮಾತ್ರ ಕಡಿಮೆ. ಊರಲ್ಲಿ ಸಿಜಿ-ನ್ಯಾಟ್, ಅತ್ತ ಕಡೆ ಹೋಟೆಲ್ ಅಥವಾ ಆಫೀಸಿನ ವೈಫೈ ಇದ್ದಾಗ ಹೀಗಾಗುವುದು ಜಾಸ್ತಿ. ಎರಡೂ ಕಡೆ ಐಪಿವಿ6 ಇದ್ದರೆ ಆಗಾಗ ನೇರ ದಾರಿ ಸಿಕ್ಕಿಬಿಡುತ್ತದೆ. ಹಾಗಾಗಿ ಡಿವಿಆರ್‌ನಲ್ಲಿ ಐಪಿವಿ6 ಆಫ್ ಮಾಡಿದರೂ ರೂಟರ್‌ನಲ್ಲಿ ಆನ್ ಇರಲಿ, ಅದರ ಫೈರ್‌ವಾಲ್ ಸಮೇತ.

ಡಿವಿಆರ್‌ಗೆ ಇಂಟರ್‌ನೆಟ್ ಯಾಕೆ ಬೇಕು?

ಇಷ್ಟು ಆದ ಮೇಲೆ ಇನ್ನೊಂದು ಹೆಜ್ಜೆ ಇಡಬಹುದು. ಪೈ ಮೂಲಕ ಬರುವ ಕೋರಿಕೆ ಡಿವಿಆರ್‌ಗೆ ಜರ್ಮನಿಯದು ಎಂದು ಕಾಣುವುದೇ ಇಲ್ಲ. ಪಕ್ಕದ ಪೈ ಕೇಳುತ್ತಿದೆ ಅಂದುಕೊಂಡು ಪೈಗೇ ಉತ್ತರ ಕೊಡುತ್ತದೆ, ಪೈ ಅದನ್ನು ಮುಂದೆ ದಾಟಿಸುತ್ತದೆ. ಹಾಗಾಗಿ ಡಿವಿಆರ್‌ಗೆ ಗೇಟ್‌ವೇ ವಿಳಾಸದ ಅಗತ್ಯವೇ ಇಲ್ಲ. ಅದನ್ನು ಖಾಲಿ ಬಿಡಿ. ಖಾಲಿ ಬಿಡಲು ಒಪ್ಪದಿದ್ದರೆ ಮನೆಯಲ್ಲಿ ಯಾರೂ ಬಳಸದ 192.168.73.254 ಎಂದು ತುಂಬಿಸಿ. ಈಗ ಡಿವಿಆರ್ ಮನೆಯಾಚೆ ಯಾರ ಜೊತೆಗೂ ಮಾತಾಡಲಾರದು, ಅಕ್ಕನಿಗೆ ಮಾತ್ರ ಮೊದಲಿನಂತೆಯೇ ಕಾಣುತ್ತದೆ.

ಇದರಿಂದ ಎರಡು ನಷ್ಟ. ಕಂಪನಿಯ ಸರ್ವರ್ ಮೂಲಕ ಬರುವ ಅಲರ್ಟ್‌ಗಳು ನಿಲ್ಲುತ್ತವೆ. ಗಡಿಯಾರವೂ ನಿಧಾನವಾಗಿ ಹಿಂದೆ ಮುಂದೆ ಆಗುತ್ತದೆ, ಯಾಕೆಂದರೆ ಡಿವಿಆರ್ ಸಮಯ ಕೇಳುತ್ತಿದ್ದದ್ದೂ ಇಂಟರ್‌ನೆಟ್‌ನಿಂದಲೇ. ಎರಡನೆಯದಕ್ಕೆ ಪರಿಹಾರ ಪೈನಲ್ಲೇ ಇದೆ. `sudo apt install chrony` ಕೊಟ್ಟು, `/etc/chrony/chrony.conf` ಕೊನೆಗೆ `allow 192.168.73.0/24` ಎಂಬ ಸಾಲು ಸೇರಿಸಿ, `sudo systemctl restart chrony` ಮಾಡಿ. ರೂಟರ್‌ನಲ್ಲಿ ಪೈಗೂ ಒಂದು ಖಾಯಂ ವಿಳಾಸ ಕಾಯ್ದಿರಿಸಿ, ಡಿವಿಆರ್‌ನ `NTP` ಜಾಗದಲ್ಲಿ ಅದನ್ನೇ ತುಂಬಿಸಿ. ಅಲರ್ಟ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಈ ಹೆಜ್ಜೆಯನ್ನೇ ಬಿಡಿ. ಹಿಂದಿನದೆಲ್ಲ ಆದರೂ ಸಾಕಷ್ಟು ಭದ್ರ.

ಕರೆಂಟ್ ಹೋದರೆ?

ಫೈಬರ್ ಪೆಟ್ಟಿಗೆ, ರೂಟರ್, ಡಿವಿಆರ್, ಪೈ ನಾಲ್ಕೂ ಒಂದೇ ಇನ್ವರ್ಟರ್ ಲೈನಿನಲ್ಲಿರಬೇಕು. ಒಂದು ಹೊರಗುಳಿದರೂ ಉಳಿದ ಮೂರು ಉರಿದು ಏನೂ ಪ್ರಯೋಜನವಿಲ್ಲ. ಕ್ಯಾಮೆರಾಗಳ 12 ವೋಲ್ಟ್ ಪವರ್ ಸಪ್ಲೈ ಎಲ್ಲಿ ಚುಚ್ಚಿದ್ದಾರೆ ಎಂದೂ ನೋಡಿ. ಅದು ಮಹಡಿ ಮೇಲೆ ಬೇರೆ ಲೈನಿನಲ್ಲಿರುವುದು ಸಾಮಾನ್ಯ.

ಹೊರಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಫೋನ್‌ನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಚಿತ್ರ ಬರುತ್ತದೆಯೇ ನೋಡಿ. ಮನೆಯ ವೈಫೈಯಲ್ಲಿ ಕೂತು ನೋಡಿದರೆ ಸುರಂಗ ಪರೀಕ್ಷೆ ಮಾಡಿದಂತಾಗುವುದಿಲ್ಲ. ಆಮೇಲೆ ಇನ್ವರ್ಟರ್ ಸಮೇತ ಮೇನ್ ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ. ಯಾವುದನ್ನೂ ಮುಟ್ಟಬೇಡಿ. ಹತ್ತು ನಿಮಿಷದೊಳಗೆ ಮೊಬೈಲ್ ಡೇಟಾದಲ್ಲಿ ಚಿತ್ರ ಮರಳಿ ಬರಬೇಕು. ಬರದಿದ್ದರೆ ಏನೋ ಒಂದು ಕೈಯಿಂದ ಶುರು ಮಾಡಬೇಕಾದ ಸ್ಥಿತಿಯಲ್ಲಿದೆ. ಅದನ್ನು ಈಗಲೇ ಹುಡುಕಿ.

ಮನೆಯಲ್ಲಿರುವವರ ಫೋನ್‌ಗೂ ಟೇಲ್‌ಸ್ಕೇಲ್ ಹಾಕಿಡುವುದು ನನ್ನ ಪದ್ಧತಿ. ಅವರು ನೋಡಲು ಅಂತಲ್ಲ, ರೋಗ ಪತ್ತೆಗೆ. ಕ್ಯಾಮೆರಾ ಕಾಣದಾದಾಗ `Machines` ಪುಟ ತೆರೆದರೆ ಪ್ರತಿ ಸಾಧನವೂ ಕೊನೆಯ ಸಲ ಯಾವಾಗ ಕಂಡಿತು ಎಂದು ಇರುತ್ತದೆ. ಮನೆಯ ವೈಫೈಯಲ್ಲಿರುವ ಅಪ್ಪನ ಫೋನ್ ಕಾಣುತ್ತಿದೆ, ಪೈ ಕಾಣುತ್ತಿಲ್ಲ ಅಂದರೆ ಕೆಟ್ಟಿರುವುದು ಪೈ. ಎರಡೂ ಕಾಣದಿದ್ದರೆ ಕರೆಂಟ್ ಇಲ್ಲವೇ ಇಂಟರ್‌ನೆಟ್. ಪೈ ಕಾಣುತ್ತಿದೆ, ಚಿತ್ರ ಮಾತ್ರ ಇಲ್ಲ ಅಂದರೆ ಡಿವಿಆರ್ ನೋಡಬೇಕು.

ಪೈ ಕೆಟ್ಟಿದೆ ಎಂದಾದಾಗ ಫೋನ್ ಮಾತು ಹೀಗಿರುತ್ತದೆ:

"ಅಪ್ಪಾ, ಟಿವಿ ಹಿಂದೆ ಚಿಕ್ಕ ಬಿಳಿ ಡಬ್ಬಿ ಇದೆಯಲ್ಲ, ಅದರಲ್ಲಿ ಯಾವ ಲೈಟ್ ಉರೀತಿದೆ?"

"ಕೆಂಪು ಉರೀತಿದೆ ಕಣೋ."

"ಪಕ್ಕದಲ್ಲಿ ಹಸಿರು ಮಿಣಮಿಣ ಅಂತಿದ್ಯಾ?"

"ಇಲ್ಲ, ಹಸಿರು ಇಲ್ಲವೇ ಇಲ್ಲ."

ಪೈ 4ರಲ್ಲಿ ಕೆಂಪು ಅಂದರೆ ಕರೆಂಟ್ ಬರುತ್ತಿದೆ. ಹಸಿರು ಅಂದರೆ ಕಾರ್ಡ್ ಓದುತ್ತಿದೆ. ಆಫ್ ಮಾಡಿ ಆನ್ ಮಾಡಿದರೂ ಹಸಿರು ಒಮ್ಮೆಯೂ ಮಿಣುಕದಿದ್ದರೆ ಮೆಮೊರಿ ಕಾರ್ಡ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಪದೇ ಪದೇ ಕರೆಂಟ್ ಹೋಗುವ ಊರಲ್ಲಿ ಇದು ಆಗಿಯೇ ಆಗುತ್ತದೆ. ಅದಕ್ಕೆ ಎಲ್ಲ ಸರಿಯಾದ ಮೇಲೆ ಪೈ ಆಫ್ ಮಾಡಿ ಆ ಕಾರ್ಡ್‌ನ ನಕಲನ್ನು ಇನ್ನೊಂದು ಕಾರ್ಡ್‌ಗೆ ತೆಗೆದು, ಕವರ್‌ನಲ್ಲಿ ಹಾಕಿ ಡಬ್ಬಿಗೇ ಅಂಟಿಸಿ. ಕಾರ್ಡ್ ಬದಲಿಸುವುದು ಅಪ್ಪನಿಗೆ ಬರುತ್ತದೆ, ಲಿನಕ್ಸ್ ಹಾಕುವುದು ಬರುವುದಿಲ್ಲ. ಒಂದು ಎಚ್ಚರ: ಎರಡೂ ಕಾರ್ಡ್ ಒಂದೇ ಗುರುತಿನವು. ಎರಡು ಪೈಗಳಲ್ಲಿ ಒಟ್ಟಿಗೆ ಓಡಿಸಬೇಡಿ. ಡಬ್ಬಿಯ ಮೇಲೆ "ಇದರ ಪ್ಲಗ್ ತೆಗೆಯಬೇಡಿ" ಎಂದು ಕನ್ನಡದಲ್ಲಿ ಚೀಟಿಯನ್ನೂ ಅಂಟಿಸಿ. ಫೋನ್ ಚಾರ್ಜ್ ಮಾಡಲು ಸಾಕೆಟ್ ಹುಡುಕುವ ನೆಂಟರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ.

ಹಳೆಯ ರೆಕಾರ್ಡಿಂಗ್ ಹುಡುಕುವಾಗ ಡಿವಿಆರ್‌ನಲ್ಲಿರುವುದು ಭಾರತದ ಸಮಯ ಎಂಬುದು ನೆನಪಿರಲಿ. ಜರ್ಮನಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಕೆಲವು ಆಪ್‌ಗಳು ಫೋನ್‌ನ ಸಮಯ ಹಿಡಿದು ಹುಡುಕುತ್ತವೆ. ಹಾಗಾಗಿ ಚಿತ್ರದ ಮೂಲೆಯಲ್ಲಿ ಕ್ಯಾಮೆರಾ ತಾನೇ ಬರೆಯುವ ಸಮಯವನ್ನೇ ನಂಬಿ. ಬೇಕಾದ ಹೊತ್ತು ಸಿಕ್ಕ ಮೇಲೆ ಎರಡು ಮೂರು ನಿಮಿಷದ ತುಂಡು ಮಾತ್ರ ಇಳಿಸಿಕೊಳ್ಳಿ. ಪೂರ್ತಿ ಒಂದು ಗಂಟೆಯ ದೊಡ್ಡ ಚಿತ್ರ ಅಂದರೆ ಹೆಚ್ಚುಕಡಿಮೆ 1.8 ಜಿಬಿ. ರಿಲೇ ಮೂಲಕ ಅದನ್ನು ಎಳೆಯಲು ಹೋದರೆ ರಾತ್ರಿಯೆಲ್ಲ ಆದೀತು.